ಎರಡು ಕಾಮಾಗಳ ನಡುವೆ ಅಜ್ಜಿಯ ಮಾತ್ರೆ

1/8

ಫೋಟೊದಲ್ಲಿ ಇರುವುದು ನಮ್ಮ ಮನೆಯ ಚಾವಡಿ, ಅಜ್ಜಿಯ ಮಾತ್ರೆ ಡಬ್ಬಿ ಮತ್ತು ತಮ್ಮನ ಫೋನು. ಮೂರೂ ಈ ಕತೆಯಲ್ಲಿ ಬರ್ತವೆ. ಒಂದು ಕ್ಯಾಪ್ಷನ್‌ನಲ್ಲಿ 2,200 ಅಕ್ಷರಕ್ಕಿಂತ ಜಾಸ್ತಿ ಹಿಡಿಯುದಿಲ್ಲ, ಆದ್ದರಿಂದ ಎಂಟು ತುಂಡು ಮಾಡಿದ್ದೇನೆ. ಪುರುಸೊತ್ತಲ್ಲಿ ಓದಿ.

ಅವತ್ತು ರಜೆ. ನಾನು ಪ್ರಾಜೆಕ್ಟ್ ಪ್ರಿಂಟ್ ತೆಗೆಸ್ಲಿಕ್ಕೆ ಮಣಿಪಾಲಕ್ಕೆ ಹೋಗಿದ್ದೆ. ಅಮ್ಮ ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗಿದ್ದರು. ಹಿರಿಯಡ್ಕದ ಮನೆಯಲ್ಲಿ ಇದ್ದದ್ದು ಅಜ್ಜಿ ಮತ್ತು ಎಂಟನೇ ಕ್ಲಾಸಿನ ತಮ್ಮ ಮಾತ್ರ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನಾನು ವಾಪಸ್ ಬರುವ ಬಸ್ಸಿನಲ್ಲಿದ್ದೆ. ಬಸ್ಸು ಫುಲ್ ರಶ್. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ಪರ್ಕಳ ದಾಟುವಾಗ ಅಜ್ಜಿಯ ಮಾತ್ರೆ ನೆನಪಾಯ್ತು. ಹೆಬ್ಬೆರಳಲ್ಲೇ ತಮ್ಮನಿಗೆ ಟೈಪ್ ಮಾಡಿದೆ. ಮನೆಯಲ್ಲಿ ನಾವು ಮಾತಾಡುದು ತುಳು. ಮೆಸೇಜ್ ಮಾತ್ರ ಕನ್ನಡದಲ್ಲಿ, ಯಾಕಂದ್ರೆ ಶಾಲೆಯಲ್ಲಿ ಬರೆದು ಕೈಗೆ ಅಭ್ಯಾಸ ಆದದ್ದು ಅದೇ.

ಕಳಿಸಿದ ಮೆಸೇಜ್ ಹೀಗಿತ್ತು. ಒಂದಕ್ಷರ ಬದಲಾಯಿಸಿಲ್ಲ:

“ಅಜ್ಜಿಗೆ ಬಿಳಿ ಮಾತ್ರೆ ಕೊಡು, ಊಟಕ್ಕೆ ಕೂತ ಮೇಲೆ, ಗುಲಾಬಿ ಮಾತ್ರೆ ಕೊಡು, ಗಂಜಿ ಬಿಸಿ ಮಾಡು, ನಂಗೆ ಲೇಟ್ ಆಗ್ತದೆ, ಅಜ್ಜಿ ಕಾಯ್ತಾರೆ”

ಎರಡು ನೀಲಿ ಗೆರೆ ಬಂತು. ತಮ್ಮ “ಹ್ಞೂಂ” ಅಂತ ಹಾಕಿದ. ನಾನು ಫೋನು ಬ್ಯಾಗಿಗೆ ಹಾಕಿದೆ.

2/8

ಮನೆ ಮುಟ್ಟುವಾಗ ಒಂದೂವರೆ ಕಳೆದಿತ್ತು. ಅಜ್ಜಿ ಚಾವಡಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮೈಯೆಲ್ಲ ಬೆವರು, ಕೈ ನಡುಗ್ತಾ ಇತ್ತು, ಎಂತ ಕೇಳಿದ್ರೂ ಉತ್ತರ ಸರಿ ಬರ್ತಾ ಇರ್ಲಿಲ್ಲ. ಆ ಬಿಳಿ ಮಾತ್ರೆ ಶುಗರಿನದ್ದು. ಅದು ರಕ್ತದ ಸಕ್ಕರೆ ಇಳಿಸ್ತದೆ, ಹೊಟ್ಟೆಗೆ ಅನ್ನ ಬಿದ್ದಿದೆಯಾ ಇಲ್ವಾ ಅಂತ ಅದು ನೋಡುದಿಲ್ಲ. ಅಜ್ಜಿ ಬಟ್ಟಲ ಮುಂದೆ ಕೂತ ಮೇಲೆಯೇ ಕೊಡಬೇಕು ಅಂತ ಡಾಕ್ಟ್ರು ಹೇಳಿದ್ದರು. ತಮ್ಮ ಅದನ್ನು ಮುಕ್ಕಾಲು ಗಂಟೆ ಮೊದಲೇ ಕೊಟ್ಟಿದ್ದ. ಮತ್ತೆ ಇಬ್ಬರೂ ಊಟ ಮಾಡದೆ ನನಗೆ ಕಾದು ಕೂತಿದ್ದರು.

ಅಜ್ಜಿಗೆ ನುಂಗುವಷ್ಟು ಎಚ್ಚರ ಇತ್ತು, ಅದೊಂದು ಪುಣ್ಯ. ಸಕ್ಕರೆ ನೀರು ಕುಡಿಸಿದೆ. ಕಾಲು ಗಂಟೆಯಲ್ಲಿ ಮುಖಕ್ಕೆ ಕಳೆ ಬಂತು, ಆಮೇಲೆ ಗಂಜಿ ಊಟ ಮಾಡಿಸಿದೆ. ಅಷ್ಟರ ನಂತರ ನಾನು ತಮ್ಮನಿಗೆ ಬೈಲಿಕ್ಕೆ ಶುರು ಮಾಡಿದೆ. ಅವ ಮಾತಾಡದೆ ಫೋನು ತಂದು ನನ್ನ ಮುಖದ ಹತ್ರ ಹಿಡಿದ. “ಅಕ್ಕಾ, ನೀನೇ ಬರೆದದ್ದಲ್ವಾ? ಓದು.”

ಓದಿದೆ. ಅವ ಓದಿದ ಹಾಗೆ ಓದಿದೆ. “ಅಜ್ಜಿಗೆ ಬಿಳಿ ಮಾತ್ರೆ ಕೊಡು.” ಅಂದ್ರೆ ಈಗಲೇ. “ಊಟಕ್ಕೆ ಕೂತ ಮೇಲೆ ಗುಲಾಬಿ ಮಾತ್ರೆ ಕೊಡು.” ಅಂದ್ರೆ ಎರಡನೆಯದ್ದು ಆಮೇಲೆ. “ನಂಗೆ ಲೇಟ್ ಆಗ್ತದೆ, ಅಜ್ಜಿ ಕಾಯ್ತಾರೆ.” ಅಂದ್ರೆ ಅಜ್ಜಿ ಕಾಯ್ಲಿ, ಅಕ್ಕ ಬಂದ ಮೇಲೆ ಒಟ್ಟಿಗೆ ಊಟ.

ನನ್ನ ಮನಸ್ಸಲ್ಲಿ ಇದ್ದದ್ದು ಬೇರೆ. ಊಟಕ್ಕೆ ಕೂತ ಮೇಲೆ ಕೊಡಬೇಕಾದ್ದು ಬಿಳಿ ಮಾತ್ರೆ. ಅಜ್ಜಿ ಯಾವಾಗಲೂ ನನಗೋಸ್ಕರ ಕಾಯ್ತಾ ಕೂರ್ತಾರೆ, ಹಾಗಾಗಿ ಇವತ್ತು ಕಾಯಿಸಬೇಡ. ಇದರಲ್ಲಿ ಒಂದು ವಿಷಯವೂ ಆ ಮೆಸೇಜಿನಲ್ಲಿ ಇಲ್ಲ. ಇರುವುದು ಐದು ಕಾಮಾ.

3/8

ಕಾಲೇಜಲ್ಲಿ ಇಂಗ್ಲಿಷ್ ಪೇಪರಿನಲ್ಲಿ ನಮಗೆಲ್ಲ ಕೆಂಪು ಪೆನ್ನಿನ ರೌಂಡ್ ಬಿದ್ದಿದೆ ಅಲ್ವಾ, ಪಕ್ಕದಲ್ಲಿ ‘ಕಾಮಾ ಸ್ಪ್ಲೈಸ್’ ಅಂತ ಬರೆದು? ಸ್ಪ್ಲೈಸ್ ಅಂದ್ರೆ ಎರಡು ಹಗ್ಗದ ತುದಿಯ ಎಳೆ ಬಿಡಿಸಿ ಹೆಣೆದು ಒಂದೇ ಹಗ್ಗ ಮಾಡುದು. ಎರಡು ಪೂರ್ತಿ ವಾಕ್ಯಗಳನ್ನು ಬರೀ ಒಂದು ಕಾಮಾದಿಂದ ಅಂಟಿಸಿದ್ರೆ ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ತಪ್ಪು ಅಂತಾರೆ. ಅಲ್ಲಿ ಅದಕ್ಕೆ ಕಾರಣ ಉಂಟು. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ಮಧ್ಯದಲ್ಲಿ ಇರ್ತದೆ. ಅದರ ನಂತರ ಇನ್ನೂ ಎಷ್ಟು ಶಬ್ದ ಬರಲಿಕ್ಕುಂಟು ಅಂತ ಓದುವವರಿಗೆ ಗೊತ್ತಾಗುದಿಲ್ಲ. ವಾಕ್ಯ ಮುಗಿಯಿತು ಅಂತ ಹೇಳುವ ಕೆಲಸವನ್ನು ಚುಕ್ಕಿಯೇ ಮಾಡಬೇಕು.

ಕನ್ನಡದಲ್ಲಿ ಹಾಗಲ್ಲ. ನಮ್ಮ ಕ್ರಿಯಾಪದ ಕೊನೆಯಲ್ಲಿ ಕೂರ್ತದೆ. “ಬಂದೆ”, “ಕೊಡು”, “ಆಗ್ತದೆ” ಅಂತ ಕಂಡ ಕೂಡಲೆ ವಾಕ್ಯ ಮುಗಿಯಿತು ಅಂತ ಗೊತ್ತಾಗ್ತದೆ. ಹಳೆಯ ಶಾಸನಗಳಲ್ಲಿ ಅಲ್ಪವಿರಾಮ ಇಲ್ಲದೆಯೂ ಕನ್ನಡ ನಡೆದದ್ದು ಇದೇ ಬಲದಿಂದ. ಹಾಗಾಗಿ “ಮಳೆಯೂ ಬಂತು, ಕರೆಂಟೂ ಹೋಯ್ತು” ಅಂತ ಬರೆದ್ರೆ ಯಾರಿಗೂ ಗೊಂದಲ ಇಲ್ಲ. “ಬಂದ, ನೋಡಿದ, ಹೋದ” ಅನ್ನುದಂತೂ ಕಾಮಾದಿಂದಲೇ ಚಂದ. ಇಲ್ಲೆಲ್ಲ ಚುಕ್ಕಿ ಹಾಕಲೇಬೇಕು ಅಂತ ನಾನು ಹೇಳುದಿಲ್ಲ. ತುಂಡು ತುಂಡು ವಾಕ್ಯ, ಒಂದೇ ಅಳತೆ, ಒಂದೇ ಜಾತಿಯ ಕ್ರಿಯಾಪದ ಇದ್ದರೆ ಕಾಮಾ ಸಾಕು.

ಹಾಗಾದ್ರೆ ನನ್ನ ಮೆಸೇಜ್ ಎಲ್ಲಿ ಕೆಟ್ಟಿತು? ಎರಡು ಕಡೆ. ಎರಡಕ್ಕೂ ಮದ್ದು ಬೇರೆ ಬೇರೆ.

4/8

ಮೊದಲನೆಯದ್ದು ಬಾಲದ ಸಮಸ್ಯೆ.

ಬರೆಯುವ ಕನ್ನಡದಲ್ಲಿ ನಾವು “ನಾಳೆ ಬರ್ತೇನೆ” ಅಂತ ಬರೀತೇವೆ. ಮಾತಾಡುವಾಗ ಮಾತ್ರ “ಬರ್ತೇನೆ ಮಾರಾಯ್ತಿ, ನಾಳೆ” ಅಂತೇವೆ. ಕ್ರಿಯಾಪದ ಹೇಳಿ ಆದ ಮೇಲೆ ಎಂತದೋ ಬಿಟ್ಟುಹೋಯ್ತು ಅಂತ ನೆನಪಾಗ್ತದೆ, ಅದನ್ನು ಹಿಂದಿನಿಂದ ಅಂಟಿಸ್ತೇವೆ. ಯಾವಾಗ, ಎಲ್ಲಿ, ಯಾರ ಜೊತೆ ಅನ್ನುವಂಥ ಶಬ್ದಗಳೇ ಹೆಚ್ಚಾಗಿ ಹೀಗೆ ಬಾಲ ಆಗುದು. ಮಾತಲ್ಲಿ ಇದು ತೊಂದರೆ ಕೊಡುದಿಲ್ಲ, ಯಾಕಂದ್ರೆ ಬಾಲ ಹೇಳುವಾಗ ಸ್ವರ ತಗ್ಗುತ್ತದೆ, ಆಮೇಲೆ ಸಣ್ಣ ಗ್ಯಾಪ್ ಬರ್ತದೆ. ಕೇಳುವವರಿಗೆ ಅದು ಹಿಂದಿನ ಮಾತಿಗೆ ಸೇರಿದ್ದು ಅಂತ ಗೊತ್ತಾಗ್ತದೆ.

ಚಾಟಿನಲ್ಲಿ ನಾವು ಮಾತಾಡಿದ ಹಾಗೆಯೇ ಟೈಪ್ ಮಾಡ್ತೇವೆ, ಆದರೆ ಸ್ವರ ಮಾತ್ರ ಜೊತೆಗೆ ಹೋಗುದಿಲ್ಲ. ನಾನು “ಬಿಳಿ ಮಾತ್ರೆ ಕೊಡು” ಅಂತ ಬರೆದೆ. ಆಮೇಲೆ ನೆನಪಾಗಿ “ಊಟಕ್ಕೆ ಕೂತ ಮೇಲೆ” ಅಂತ ಬಾಲ ಅಂಟಿಸಿದೆ. ಆ ಬಾಲದ ಎಡಕ್ಕೂ ಕಾಮಾ, ಬಲಕ್ಕೂ ಕಾಮಾ. ಅದು ಎಡದ ಮಾತ್ರೆಗೂ ಸೇರಬಹುದು, ಬಲದ ಮಾತ್ರೆಗೂ ಸೇರಬಹುದು. ಕನ್ನಡ ಓದುವವರ ಕಣ್ಣು ಯಾವ ಕಡೆ ಹೋಗ್ತದೆ? ಬಲಕ್ಕೆ. “ಯಾವಾಗ” ಅನ್ನುವ ಶಬ್ದ ಕ್ರಿಯಾಪದದ ಮೊದಲು ಬರುದು ನಮ್ಮ ಭಾಷೆಯ ಕ್ರಮ, ಹಾಗಾಗಿ ಓದುವವರು ಮುಂದಿನ ಕ್ರಿಯಾಪದ ಹುಡುಕ್ತಾರೆ. ತಮ್ಮ ಮಾಡಿದ್ದು ಅದನ್ನೇ. ವ್ಯಾಕರಣದ ಲೆಕ್ಕದಲ್ಲಿ ಅವನೇ ಸರಿ.

ಇಲ್ಲಿ ಬೇಕಾದ್ದು ಚುಕ್ಕಿ. “ಬಿಳಿ ಮಾತ್ರೆ ಕೊಡು, ಊಟಕ್ಕೆ ಕೂತ ಮೇಲೆ. ಗುಲಾಬಿ ಮಾತ್ರೆ ಆಮೇಲೆ.” ಎರಡನೇ ಕಾಮಾ ಇದ್ದ ಜಾಗದಲ್ಲಿ ಒಂದು ಚುಕ್ಕಿ ಬಿದ್ದರೆ ಬಾಲ ಎಡಕ್ಕೇ ಉಳೀತದೆ. ಇನ್ನೂ ಒಳ್ಳೆಯದು, ಬಾಲವನ್ನು ಎತ್ತಿ ಮುಂದೆ ಹಾಕುದು: “ಊಟಕ್ಕೆ ಕೂತ ಮೇಲೆ ಬಿಳಿ ಮಾತ್ರೆ ಕೊಡು.” ಆಗ ಚುಕ್ಕಿ ಮರೆತರೂ ಬಿಳಿ ಮಾತ್ರೆ ಜಾಗ ತಪ್ಪುದಿಲ್ಲ.

ನಿಮ್ಮ ಮೆಸೇಜಲ್ಲಿ ಇದನ್ನು ಹಿಡಿಯುದು ಹೇಗೆ? ಎರಡು ಕಾಮಾಗಳ ನಡುವೆ ಕ್ರಿಯಾಪದ ಇಲ್ಲದ ಒಂದು ತುಂಡು ಒಂಟಿಯಾಗಿ ನಿಂತಿದೆಯಾ ನೋಡಿ. “ಐದು ಗಂಟೆಗೆ”, “ಸ್ಟ್ಯಾಂಡ್ ಹತ್ರ”, “ಅಮ್ಮನ ಜೊತೆ” ಅಂಥದ್ದು. ಇದ್ದರೆ ಕಳಿಸುವ ಮೊದಲು ಅದಕ್ಕೆ ಒಂದು ಮನೆ ಕೊಡಿ.

5/8

ಎರಡನೆಯದ್ದು ಸಂಬಂಧದ ಸಮಸ್ಯೆ. “ನಂಗೆ ಲೇಟ್ ಆಗ್ತದೆ, ಅಜ್ಜಿ ಕಾಯ್ತಾರೆ.” ಇಲ್ಲಿ ಚುಕ್ಕಿ ಹಾಕಿದ್ರೂ ಪ್ರಯೋಜನ ಇಲ್ಲ. ಎರಡೂ ಸ್ಪಷ್ಟ ವಾಕ್ಯಗಳೇ. ಒಂದಕ್ಕೂ ಇನ್ನೊಂದಕ್ಕೂ ಎಂತ ಸಂಬಂಧ ಅಂತ ಮಾತ್ರ ಗೊತ್ತಾಗುದಿಲ್ಲ.

ಇದಕ್ಕೆ ಬೇರೆ ಒಂದು ಘಟನೆ ಹೇಳ್ತೇನೆ. ಬೈಲೂರು ಕಡೆಯಿಂದ ಬರುವ ನನ್ನ ಫ್ರೆಂಡ್ ಒಮ್ಮೆ ಬೆಳಿಗ್ಗೆ ಮೆಸೇಜ್ ಹಾಕಿದಳು: “ಬಸ್ಸಿಲ್ಲ, ನಾನು ಬರ್ತೇನೆ”. ನಾನು ಓದಿದ್ದು ಹೀಗೆ: ಅವಳ ಬಸ್ಸು ಇಲ್ಲ, ಆದ್ರೂ ಹೇಗಾದ್ರೂ ಮಾಡಿ ಕಾಲೇಜಿಗೆ ಬರ್ತಾಳೆ. ಸರಿ ಅಂತ ನಾನು ರಿಕ್ಷಾ ಹಿಡಿದು ಹೋದೆ. ಅವಳು ಬರೆದದ್ದು ಹೀಗಂತೆ: ಬಸ್ಸಿಲ್ಲ, ಅದಕ್ಕೆ ಸ್ಕೂಟಿಯಲ್ಲಿ ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಬರ್ತೇನೆ. ಹಿರಿಯಡ್ಕ ಪೇಟೆಯಲ್ಲಿ ಅರ್ಧ ಗಂಟೆ ಕಾದಳು, ನಾನು ಫೋನು ಸೈಲೆಂಟಲ್ಲಿ ಇಟ್ಟು ಕ್ಲಾಸಲ್ಲಿ ಕೂತಿದ್ದೆ. ಎರಡು ದಿನ ನನ್ನತ್ರ ಮಾತಾಡ್ಲಿಲ್ಲ.

ಇದರಿಂದ ನಾನು ಕಲಿತ ಒಂದು ಪರೀಕ್ಷೆ ಉಂಟು. ಕಾಮಾ ತೆಗೆದು ಆ ಜಾಗದಲ್ಲಿ ಒಮ್ಮೆ “ಅದಕ್ಕೆ” ಹಾಕಿ ಓದಿ. ಇನ್ನೊಮ್ಮೆ “ಆದ್ರೂ” ಹಾಕಿ ಓದಿ. ಒಂದು ಮಾತ್ರ ಕೂತರೆ ಕಾಮಾ ಇರಲಿ, ಓದುವವರೂ ಅದನ್ನೇ ಊಹಿಸ್ತಾರೆ. “ಹಸಿವಾಗ್ತಾ ಉಂಟು, ಊಟಕ್ಕೆ ಹೋಗ್ತೇನೆ” ಅನ್ನುವಲ್ಲಿ “ಆದ್ರೂ” ಕೂರುದಿಲ್ಲ, ಹಾಗಾಗಿ ಸಂಶಯ ಇಲ್ಲ. ಎರಡೂ ಕೂತರೆ ನೀವು ಓದುವವರ ಕೈಗೆ ಎರಡು ಮೆಸೇಜ್ ಕೊಟ್ಟ ಹಾಗೆ. “ಬಸ್ಸಿಲ್ಲ ಅದಕ್ಕೆ ನಾನು ಬರ್ತೇನೆ”, “ಬಸ್ಸಿಲ್ಲ ಆದ್ರೂ ನಾನು ಬರ್ತೇನೆ”, ಎರಡೂ ಕೂರ್ತವೆ ನೋಡಿ. ಅಂಥಲ್ಲಿ ಆ ಶಬ್ದವನ್ನು ನೀವೇ ಟೈಪ್ ಮಾಡಬೇಕು.

ಅಜ್ಜಿಯ ವಾಕ್ಯದ ಕತೆ ಇನ್ನೂ ಕಷ್ಟ. ಅಲ್ಲಿ ನಾನು ಹೇಳಬೇಕಾದ್ದನ್ನೇ ಹೇಳ್ಲಿಲ್ಲ, ಅರ್ಧದಲ್ಲಿ ಬಿಟ್ಟೆ. “ಅಜ್ಜಿ ಕಾಯ್ತಾರೆ, ಅದಕ್ಕೆ” ಅಂತ ಬರೆದಿದ್ರೆ, “ಅದಕ್ಕೆ ಎಂತ?” ಅಂತ ನನಗೇ ಪ್ರಶ್ನೆ ಬರ್ತಿತ್ತು. “ಅದಕ್ಕೆ ಮೊದಲೇ ಊಟ ಮಾಡ್ಸು” ಅಂತ ಕೈ ತಾನಾಗಿ ಬರೀತಿತ್ತು. ಕಾಮಾ ಹಾಕಿದಾಗ ಆ ಪ್ರಶ್ನೆ ಬರ್ಲೇ ಇಲ್ಲ, ಎಲ್ಲ ಹೇಳಿ ಆಯ್ತು ಅಂತ ಅನ್ನಿಸಿತು.

6/8

ಸೇರಿಸುದು ಅಂದ ಕೂಡಲೆ ನಮಗೆ ನೆನಪಾಗುದು “ಮತ್ತು”, “ಆದರೆ”, “ಆದ್ದರಿಂದ”. ಹೈಸ್ಕೂಲಿನ ‘ಸಂಯೋಜಿತ ವಾಕ್ಯ’ದ ಪಾಠ. ಆದ್ರೆ ಕನ್ನಡದಲ್ಲಿ ಹೆಚ್ಚಿನ ಸಲ ಬೇರೆ ಶಬ್ದವೇ ಬೇಡ, ಕ್ರಿಯಾಪದದ ತುದಿ ಬದಲಾಯಿಸಿದ್ರೆ ಸಾಕು.

“ನೀನು ಬಾ, ನಾನು ಬರ್ತೇನೆ” ಅನ್ನುವ ಮೆಸೇಜ್ ತೆಗೊಳ್ಳಿ. ಇದಕ್ಕೆ ಎಷ್ಟು ಅರ್ಥ ಉಂಟು?

“ನೀನು ಬಂದ್ರೆ ನಾನು ಬರ್ತೇನೆ.” ಇದು ಕಂಡೀಷನ್. ನೀನು ಇಲ್ಲದಿದ್ರೆ ನಾನೂ ಇಲ್ಲ.

“ನೀನು ಬಂದ ಮೇಲೆ ನಾನು ಬರ್ತೇನೆ.” ಇದು ಸಮಯ. ಮೊದಲು ನೀನು, ಆಮೇಲೆ ನಾನು.

“ನೀನೂ ಬಾ, ನಾನೂ ಬರ್ತೇನೆ.” ಇಬ್ಬರೂ ಹೋಗುದೇ. ಎರಡು ದೀರ್ಘ ಊಕಾರವೇ “ಮತ್ತು” ಆಗಿ ಕೆಲಸ ಮಾಡ್ತದೆ, ಹಾಗಾಗಿ ಇಲ್ಲಿ ಕಾಮಾ ಆರಾಮಾಗಿ ಇರಬಹುದು.

ಟೈಪ್ ಮಾಡ್ಲಿಕ್ಕೆ ಒಂದೆರಡು ಅಕ್ಷರ ಮಾತ್ರ ಜಾಸ್ತಿ. “ಬಂದ್ರೂ”, “ಬಂದದ್ರಿಂದ”, “ಬಾರದಿದ್ರೆ” ಎಲ್ಲ ಇದೇ ಸಾಲಿನವು.

ಎರಡು ಕಡೆ ಎಚ್ಚರ ಬೇಕು. ಒಂದು, “ಬಂದು”, “ಹೋಗಿ”, “ತಿಂದು” ಅನ್ನುವ ರೂಪ. ಇದರಿಂದ ಸೇರಿಸುವಾಗ ಸಾಮಾನ್ಯವಾಗಿ ಎರಡೂ ಕೆಲಸ ಮಾಡುವವರು ಒಬ್ಬರೇ ಆಗಿರಬೇಕು. “ನಾನು ಮನೆಗೆ ಬಂದು ಫೋನ್ ಮಾಡ್ತೇನೆ” ಸರಿ. “ನಾನು ಮನೆಗೆ ಬಂದು ನೀನು ಫೋನ್ ಮಾಡು” ಅಂದ್ರೆ ಕಿವಿಗೇ ಚುಚ್ಚುತ್ತದೆ, ಅಲ್ಲಿ “ಬಂದ ಮೇಲೆ” ಬೇಕು. “ಮಳೆ ಬಂದು ಕರೆಂಟ್ ಹೋಯ್ತು” ಅನ್ನುವ ಹಾಗೆ ಒಂದು ಇನ್ನೊಂದಕ್ಕೆ ಕಾರಣ ಆದಾಗ ಮಾತ್ರ ಇಬ್ಬರು ಬೇರೆ ಆದ್ರೂ ನಡೀತದೆ.

ಇನ್ನೊಂದು, ನಮ್ಮ ಊರಿನ “ಮತ್ತೆ”. ಉಡುಪಿ ಕಡೆ ನಾವು ಎಲ್ಲದಕ್ಕೂ “ಮತ್ತೆ” ಅಂತೇವೆ. ಆಮೇಲೆ ಅನ್ನುದಕ್ಕೂ ಮತ್ತೆ, ಇನ್ನೊಮ್ಮೆ ಅನ್ನುದಕ್ಕೂ ಮತ್ತೆ, ಹಾಗೂ ಅನ್ನುದಕ್ಕೂ ಮತ್ತೆ. “ಫೀಸ್ ಕಟ್ಟಿದೆ, ಮತ್ತೆ ಫಾರ್ಮ್ ಕೊಡ್ತೇನೆ” ಅಂದ್ರೆ ಫಾರ್ಮನ್ನು ಆಮೇಲೆ ಕೊಡುದಾ, ಇನ್ನೊಮ್ಮೆ ಕೊಡುದಾ? ಎದುರಿಗೆ ಮಾತಾಡುವಾಗ ತೊಂದರೆ ಇಲ್ಲ, ಮೆಸೇಜಲ್ಲಿ “ಆಮೇಲೆ” ಅಥವಾ “ಇನ್ನೊಮ್ಮೆ” ಅಂತಲೇ ಹಾಕಿ.

7/8

ಈಗ ನೀವು ಕೇಳ್ತೀರಿ, “ಅಕ್ಕಾ, ಚುಕ್ಕಿ ಹಾಕಿದ್ರೆ ಕೋಪ ಬಂದ ಹಾಗೆ ಕಾಣುದಿಲ್ವಾ?” ಅಂತ. ಕಾಣ್ತದೆ. ನಾನೂ ಕಾಮಾ ಹಾಕ್ತಾ ಹೋಗುದಕ್ಕೆ ಅರ್ಧ ಕಾರಣ ಅದೇ. “ಸರಿ” ಅಂದ್ರೆ ಸರಿ, “ಸರಿ.” ಅಂದ್ರೆ ಇವಳಿಗೆ ಎಂತದೋ ಆಗಿದೆ.

ಇದು ನಮ್ಮ ಭ್ರಮೆ ಅಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸೀಲಿಯಾ ಕ್ಲಿನ್ ಮತ್ತು ಜೊತೆಯವರು 126 ವಿದ್ಯಾರ್ಥಿಗಳಿಗೆ ಮೆಸೇಜ್‌ಗಳನ್ನು ತೋರಿಸಿ ಕೇಳಿದ್ದರು. ಒಂದು ಆಹ್ವಾನಕ್ಕೆ ಒಂದೇ ಶಬ್ದದ ಉತ್ತರ, ಕೆಲವದರಲ್ಲಿ ಕೊನೆಗೆ ಚುಕ್ಕಿ, ಕೆಲವದರಲ್ಲಿ ಇಲ್ಲ. ಚುಕ್ಕಿ ಇದ್ದ ಉತ್ತರ ಅಷ್ಟು ಮನಸ್ಸಿನಿಂದ ಬಂದದ್ದಲ್ಲ ಅಂತ ಓದಿದವರಿಗೆ ಅನ್ನಿಸಿತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿ ಇದ್ದಾಗ ಆ ವ್ಯತ್ಯಾಸ ಕಾಣ್ಲಿಲ್ಲ. 2015ರಲ್ಲಿ ಇದು ಪ್ರಕಟ ಆಯ್ತು.

ಆದ್ರೆ ಗಮನಿಸಿ, ಅಲ್ಲಿ ಪರೀಕ್ಷೆ ಮಾಡಿದ್ದು ಇಂಗ್ಲಿಷಿನ ಒಂದೇ ಶಬ್ದದ ಉತ್ತರ, ಅದರ ಕೊನೆಯ ಚುಕ್ಕಿ. ಎರಡು ವಾಕ್ಯಗಳ ನಡುವಿನ ಚುಕ್ಕಿಯ ಬಗ್ಗೆ ಅದು ಎಂತದೂ ಹೇಳುದಿಲ್ಲ. ನನ್ನ ಅನುಭವದಲ್ಲಿ ನಡುವಿನ ಚುಕ್ಕಿಗೆ ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ. ಹಾಗಾಗಿ ನಾನು ಈಗ ಮಾಡುದು ಇಷ್ಟೇ: ನಡುವೆ ಚುಕ್ಕಿ ಹಾಕ್ತೇನೆ, ಕೊನೆಯ ವಾಕ್ಯ ಬಿಟ್ಟುಬಿಡ್ತೇನೆ. “ಬಸ್ಸು ಸಿಕ್ಕಿತು. ಆರು ಗಂಟೆಗೆ ಬರ್ತೇನೆ” ಅಂದ್ರೆ ಕೋಪ ಇಲ್ಲ, ಗೊಂದಲವೂ ಇಲ್ಲ.

ಚುಕ್ಕಿ ಬೇಡವೇ ಬೇಡ ಅನ್ನುವವರು ಹೊಸ ಸಾಲಿಗೆ ಹೋಗಿ. ಸಾಲು ಮುರಿದಲ್ಲಿ ವಾಕ್ಯವೂ ಮುಗಿಯಿತು ಅಂತ ಎಲ್ಲರೂ ಓದ್ತಾರೆ. ಒಂದೊಂದು ವಾಕ್ಯವನ್ನು ಒಂದೊಂದು ಮೆಸೇಜಾಗಿ ಕಳಿಸುವ ಅಭ್ಯಾಸವೂ ಕೆಲವರಿಗೆ ಉಂಟು. ಇಬ್ಬರೇ ಇರುವ ಚಾಟಲ್ಲಿ ಅದು ಸರಿ. ಕ್ಲಾಸ್ ಗ್ರೂಪಲ್ಲಿ ಮಾತ್ರ ನಿಮ್ಮ ಎರಡು ಮೆಸೇಜ್ ನಡುವೆ ಬೇರೆ ಯಾರದ್ದೋ ಸ್ಟಿಕ್ಕರ್ ಬಂದು ಕೂರ್ತದೆ, ಮತ್ತೆ ಯಾವ “ಹೌದು” ಯಾವ ಪ್ರಶ್ನೆಗೆ ಅಂತ ದೇವರಿಗೇ ಗೊತ್ತು.

8/8

ಅವತ್ತು ಸಂಜೆ ಅಮ್ಮ ಬಂದ ಮೇಲೆ ವಿಷಯ ಹೇಳಿದೆವು. ಅಮ್ಮ ಇಬ್ಬರಿಗೂ ಬೈದರು, ಅದರಲ್ಲಿ ನನ್ನ ಪಾಲು ಜಾಸ್ತಿ. ಆಮೇಲೆ ನಾನು ತಮ್ಮನನ್ನು ಪಕ್ಕದಲ್ಲಿ ಕೂರಿಸಿ ಅದೇ ಮೆಸೇಜನ್ನು ಪುನಃ ಬರೆದೆ. ಅವ ಓದಿ ಅರ್ಥ ಹೇಳಬೇಕು, ಸಂಶಯ ಬಂದ ಕಡೆ ನಿಲ್ಲಿಸಬೇಕು. ಮೊದಲ ಸಲ “ಗುಲಾಬಿ ಯಾವಾಗ?” ಅಂತ ನಿಲ್ಲಿಸಿದ. ಎರಡನೇ ಸಲ “ಕಾಯುದು ಬೇಡ ಅಂದ್ರೆ ಯಾರು ಯಾರಿಗೆ?” ಅಂತ ನಿಲ್ಲಿಸಿದ. ಮೂರನೆಯದ್ದು ಪಾಸಾಯ್ತು:

“ಮೊದಲು ಗಂಜಿ ಬಿಸಿ ಮಾಡು.
ಅಜ್ಜಿ ಊಟಕ್ಕೆ ಕೂತ ಮೇಲೆ ಬಿಳಿ ಮಾತ್ರೆ ಕೊಡು.
ಊಟ ಆದ ಮೇಲೆ ಗುಲಾಬಿ ಮಾತ್ರೆ.
ನಂಗೆ ಲೇಟ್ ಆಗ್ತದೆ, ಅದಕ್ಕೆ ಅಜ್ಜಿ ನನಗೆ ಕಾಯುದು ಬೇಡ”

ಲೆಕ್ಕ ಹಾಕಿ ನೋಡಿ. ಮೂರು ಚುಕ್ಕಿ, ಒಂದು ಕಾಮಾ, ಒಂದು “ಅದಕ್ಕೆ”. ಆ ಒಂದು ಕಾಮಾ ಉಳಿದದ್ದು “ಅದಕ್ಕೆ” ಜೊತೆಗೆ ಇದ್ದ ಕಾರಣ. ಗಂಜಿಯ ಸಾಲು ಮೇಲೆ ಬಂದದ್ದು ಯಾಕಂದ್ರೆ ಕೆಲಸ ಆಗಬೇಕಾದ ಕ್ರಮ ಅದು. ಹಳೆಯ ಮೆಸೇಜಲ್ಲಿ ನಾನು ಬರೆದದ್ದು ನನಗೆ ನೆನಪಾದ ಕ್ರಮದಲ್ಲಿ. ಚುಕ್ಕಿ ಹಾಕ್ಲಿಕ್ಕೆ ಹೊರಟಾಗಲೇ ಅದು ನನಗೆ ಗೊತ್ತಾದದ್ದು.

ಎಲ್ಲ ಮೆಸೇಜಿಗೂ ಇಷ್ಟು ಮಾಡ್ತೇನೆ ಅಂದ್ರೆ ಸುಳ್ಳಾಗ್ತದೆ. ಫ್ರೆಂಡ್ಸ್ ಜೊತೆ ಹರಟುವಾಗ ಈಗಲೂ ಕಾಮಾ, ಕಾಮಾ, ಕಾಮಾ. ಆದ್ರೆ ಮೆಸೇಜಲ್ಲಿ ಹೊತ್ತು, ದುಡ್ಡು, ಮದ್ದು ಇದ್ದರೆ, ಅಥವಾ ಯಾರಾದ್ರೂ ಎಲ್ಲಾದ್ರೂ ಕಾಯಬೇಕು ಅಂತ ಇದ್ದರೆ, ಕಳಿಸುವ ಮೊದಲು ಒಮ್ಮೆ ತಮ್ಮನ ಕಣ್ಣಲ್ಲಿ ಓದ್ತೇನೆ.

ಮಾತ್ರೆ ಡಬ್ಬಿಯ ಮೇಲೆ ಈಗ ಅಮ್ಮನ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದೇವೆ, ಫೋಟೊ ಝೂಮ್ ಮಾಡಿದ್ರೆ ಕಾಣ್ತದೆ. ಅಜ್ಜಿಗೆ ಈ ಕತೆಯೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಫೋನ್ ಮಾಡಿ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?” ನನ್ನತ್ರ ಉತ್ತರ ಇರ್ಲಿಲ್ಲ.

ಮೊನ್ನೆ ನಾನು ಪುನಃ ಮಣಿಪಾಲದಲ್ಲಿ ಇದ್ದಾಗ ತಮ್ಮನಿಂದ ಮೆಸೇಜ್ ಬಂತು: “ಬಿಳಿ ಮಾತ್ರೆ ಕೊಟ್ಟೆ, ಊಟಕ್ಕೆ ಕೂತ ಮೇಲೆ. ಗುಲಾಬಿ ಇನ್ನು ಕೊಡ್ತೇನೆ. ನಿನ್ನ ಪಾಲಿನ ಮೀನು ನಾನು ತಿಂದೆ.”

ಕೊನೆಯ ಚುಕ್ಕಿ ಬೇಕಂತಲೇ ಹಾಕಿದ್ದು. ನನಗೆ ಗೊತ್ತುಂಟು.

#ಹಿರಿಯಡ್ಕ #ಉಡುಪಿಕನ್ನಡ #ಚುಕ್ಕಿಕಾಮಾ